ಹತ್ತು ವೋಲ್ಟ್ ಎಂಬ ಉತ್ತರವನ್ನು ಯಾವಾಗ ನಂಬಬೇಕು?

ನಮಸ್ಕಾರ. ಆರಂಭ ಮೌಲ್ಯ ಮತ್ತು ಅಂತಿಮ ಮೌಲ್ಯ ಪ್ರಮೇಯಗಳನ್ನು ನಮ್ಮ ತರಗತಿಗಳಲ್ಲಿ ಎರಡು ಸಾಲಿನ ಸೂತ್ರಗಳಾಗಿ ಬರೆಸಿ ಮುಂದೆ ಹೋಗುತ್ತಾರೆ. ಅವುಗಳ ಜೊತೆಗೆ ಬರುವ ಷರತ್ತನ್ನು ಸೂತ್ರಕ್ಕಿಂತ ಮೊದಲು ಕಲಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆ ಎಂಬುದನ್ನು ಒಂದು ಮಂಡಲದ ಮೂಲಕವೇ ನೋಡೋಣ.

10 ವೋಲ್ಟ್ ಡಿಸಿ ಮೂಲಕ್ಕೆ 1 ಓಮ್ ರೆಸಿಸ್ಟರ್, 10 ಮಿಲಿಹೆನ್ರಿ ಇಂಡಕ್ಟರ್ ಮತ್ತು 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಸರಣಿಯಲ್ಲಿವೆ. ಕೆಪಾಸಿಟರ್ ಖಾಲಿಯಿದೆ, ಇಂಡಕ್ಟರಿನಲ್ಲಿ ಪ್ರವಾಹವಿಲ್ಲ. ಸ್ವಿಚ್ ಹಾಕಿದಾಗ ಕೆಪಾಸಿಟರಿನ ವೋಲ್ಟೇಜು ಲ್ಯಾಪ್ಲಾಸ್ ರೂಪದಲ್ಲಿ ಹೀಗಿರುತ್ತದೆ:

```
Vc(s) = 10^7 / ( s (s^2 + 100 s + 10^6) )
```

ಇದನ್ನು ಭಿನ್ನರಾಶಿಗಳಾಗಿ ಒಡೆದು ಕಾಲದ ಸಮೀಕರಣಕ್ಕೆ ತರುವ ಅಗತ್ಯವಿಲ್ಲ. `s` ನಿಂದ ಗುಣಿಸಿ `s` ಅನ್ನು ಅನಂತಕ್ಕೆ ಒಯ್ದರೆ ಆರಂಭದ ಮೌಲ್ಯ ಸೊನ್ನೆ. ಸೊನ್ನೆಗೆ ಒಯ್ದರೆ ಅಂತ್ಯದ ಮೌಲ್ಯ 10 ವೋಲ್ಟ್. ಇಂಡಕ್ಟರಿನ ವೋಲ್ಟೇಜಿಗೂ ಹೀಗೆಯೇ ಮಾಡಿದರೆ ಆರಂಭದಲ್ಲಿ 10 ವೋಲ್ಟ್, ಕೊನೆಯಲ್ಲಿ ಸೊನ್ನೆ ಬರುತ್ತದೆ. ಸ್ವಿಚ್ ಹಾಕಿದ ಕ್ಷಣ ಇಂಡಕ್ಟರ್ ತುಂಡಾದ ತಂತಿಯಂತೆ, ಬಹಳ ಹೊತ್ತಿನ ನಂತರ ಬರಿಯ ತಂತಿಯಂತೆ ವರ್ತಿಸುತ್ತದೆ ಎಂದು ನಾವು ಮೊದಲೇ ಬಲ್ಲ ಸಂಗತಿಗೆ ಇದು ಸರಿಹೊಂದುತ್ತದೆ.

ಈಗ ರೆಸಿಸ್ಟರನ್ನು ತೆಗೆದುಬಿಡಿ. ಛೇದದಲ್ಲಿದ್ದ `100 s` ಮಾಯವಾಗುತ್ತದೆ, ಆದರೆ ಅಂತಿಮ ಮೌಲ್ಯದ ಲೆಕ್ಕ ಮತ್ತೆ 10 ವೋಲ್ಟ್ ಎಂದೇ ಹೇಳುತ್ತದೆ. ವಾಸ್ತವದಲ್ಲಿ ಆ ಆದರ್ಶ ಮಂಡಲ ಎಲ್ಲಿಯೂ ನಿಲ್ಲುವುದಿಲ್ಲ. ವೋಲ್ಟೇಜು ಸೊನ್ನೆ ಮತ್ತು 20ರ ನಡುವೆ ತೂಗುತ್ತಲೇ ಇರುತ್ತದೆ. ಲೆಕ್ಕ ಕೊಟ್ಟದ್ದು ಆ ತೂಗಾಟದ ಸರಾಸರಿಯನ್ನು ಮಾತ್ರ. ಅಸಂಬದ್ಧ ಸಂಖ್ಯೆ ಬಂದಿದ್ದರೆ ಯಾರಾದರೂ ಎಚ್ಚರಗೊಳ್ಳುತ್ತಿದ್ದರು, ಇಲ್ಲಿ ಬಂದಿರುವುದು ನಾವು ನಿರೀಕ್ಷಿಸುವ ಸಂಖ್ಯೆಯೇ ಆದ್ದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಮಿತಿ ತೆಗೆದುಕೊಳ್ಳುವ ಮೊದಲು `s Vc(s)` ನ ಪೋಲುಗಳನ್ನು, ಅಂದರೆ ಅದರ ಛೇದ ಸೊನ್ನೆಯಾಗುವ `s` ಮೌಲ್ಯಗಳನ್ನು ನೋಡಬೇಕು: ಅವೆಲ್ಲವೂ `s` ಸಮತಲದ ಎಡ ಅರ್ಧದಲ್ಲಿರಬೇಕು. ಮೊದಲ ಮಂಡಲದಲ್ಲಿ ಪೋಲುಗಳ ನೈಜ ಭಾಗ −50, ಹಾಗಾಗಿ ಉತ್ತರ ನಂಬಲರ್ಹ. ಎರಡನೆಯದರಲ್ಲಿ ಅವು ಕಾಲ್ಪನಿಕ ಅಕ್ಷದ ಮೇಲೆ, `±j1000` ನಲ್ಲಿ ಕುಳಿತಿವೆ.

ಷರತ್ತು ಪೂರೈಸಿದ ಮೇಲೂ ಒಂದು ಅಪಾಯ ಉಳಿದಿದೆ. ಕೊನೆಗೆ 10 ವೋಲ್ಟ್ ತಾನೇ ಎಂದು ನೀವು ಮೊದಲ ಮಂಡಲಕ್ಕೆ 16 ವೋಲ್ಟ್ ಎಂದು ಮುದ್ರಿಸಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರನ್ನು ಬೆಸುಗೆ ಹಾಕಿದರೆ, ಸ್ವಿಚ್ ಹಾಕಿದ ಸುಮಾರು 3 ಮಿಲಿಸೆಕೆಂಡಿನಲ್ಲಿ ಅದರ ಮೇಲೆ 18.5 ವೋಲ್ಟ್ ಬಂದಿರುತ್ತದೆ. ಎರಡೂ ಪ್ರಮೇಯಗಳು ಸರಿಯಾಗಿಯೇ ಉತ್ತರಿಸಿವೆ, ಆದರೆ ನಡುವೆ ಏನಾಗುತ್ತದೆ ಎಂಬುದನ್ನು ಹೇಳುವುದು ಅವುಗಳ ಕೆಲಸವಲ್ಲ. ಅದನ್ನು ತಿಳಿಯಲು ಮತ್ತೆ ಅದೇ ಪೋಲುಗಳ ಬಳಿಗೇ ಹೋಗಬೇಕು: ನೈಜ ಭಾಗ −50, ಕಾಲ್ಪನಿಕ ಭಾಗ ಸುಮಾರು ±1000 ಇರುವಾಗ, ವೋಲ್ಟೇಜು ತನ್ನ ನೆಲೆಯನ್ನು ದಾಟಿ ಬಹಳ ಮೇಲೆ ಹಾರುತ್ತದೆ ಎಂಬುದು ಆ ಎರಡು ಸಂಖ್ಯೆಗಳಲ್ಲಿಯೇ ಕಾಣುತ್ತದೆ.