ಬೆನ್ನು ತೋರಿಸಿ ಗೆದ್ದವರು

ಕೇಳುಗರೇ, ನಮಸ್ಕಾರ.

ಯುದ್ಧದಲ್ಲಿ ಬೆನ್ನು ತೋರಿಸುವುದು ನಮಗೆ ಅವಮಾನದ ಮಾತು, ಅಲ್ವಾ? ಮಂಗೋಲ ಸವಾರರಿಗೆ ಮಾತ್ರ ಅದು ಚಿಕ್ಕಂದಿನಿಂದ ಬೇಟೆಯಾಡುತ್ತಾ ಪಳಗಿಸಿಕೊಂಡ ಕೆಲಸ. 1223ರಲ್ಲಿ, ಇಂದಿನ ಉಕ್ರೇನಿನ ಕಾಲ್ಕಾ ನದಿಯ ಬಳಿ ಅವರು ಅದನ್ನು ಹೇಗೆ ಮಾಡಿದರು ಅಂತ ಹೇಳುತ್ತೇನೆ.

ಚೆಂಗೀಸ್ ಖಾನನ ದಂಡನಾಯಕರಾದ ಜೆಬೆ ಮತ್ತು ಸುಬುತಾಯಿ, ಹುಲ್ಲುಗಾವಲಿನ ಅಲೆಮಾರಿ ಸವಾರರಾದ ಕಿಪ್ಚಾಕರನ್ನು ಅಟ್ಟಿಕೊಂಡು ಬಂದಿದ್ದರು. ಕಿಪ್ಚಾಕರ ಮುಖ್ಯಸ್ಥ ಕೋತ್ಯಾನ್ ತನ್ನ ಅಳಿಯ, ರುಸ್ ನಾಡಿನ ಗಾಲಿಚ್‌ನ ಅರಸ ಮ್ಸ್ತಿಸ್ಲಾವನ ಮೊರೆಹೋದ. ಅದೇ ನಾಡಿನ ಕೀವ್, ಚೆರ್ನಿಗೋವ್‌ನ ಅರಸರೂ ಸೇರಿದರು. ಸೈನ್ಯವೇನೋ ದೊಡ್ಡದು. ಆದರೆ ಎಲ್ಲರ ಮಾತಿನ ಮೇಲೆ ಮಾತಾಡುವ ದಳಪತಿ ಒಬ್ಬನೂ ಇರಲಿಲ್ಲ.

ನೀಪರ್ ನದಿ ದಾಟಿದ ಕೂಡಲೇ ಇವರಿಗೆ ಸಣ್ಣದೊಂದು ಗೆಲುವು ಸಿಕ್ಕಿತು. ಮಂಗೋಲರ ಕಾವಲು ಪಡೆ ಮುರಿದುಬಿತ್ತು, ದನಗಳ ಹಿಂಡು ಕೈಗೆ ಬಂತು. ಮಂಗೋಲರು ಓಡತೊಡಗಿದರು. ಇವರು ಎಂಟು ದಿನ ಹಿಂದೆ ಬಿದ್ದರು.

ಆ ಎಂಟು ದಿನಗಳಲ್ಲೇ ಯುದ್ಧದ ಬಹುಪಾಲು ನಡೆದುಹೋಯಿತು ಅಂತ ನನಗೆ ಅನ್ನಿಸುತ್ತದೆ. ಒಬ್ಬೊಬ್ಬ ಮಂಗೋಲನ ಜೊತೆ ಮೂರ್ನಾಲ್ಕು ಕುದುರೆ. ಒಂದು ದಣಿದರೆ ಇನ್ನೊಂದನ್ನು ಹತ್ತುತ್ತಾನೆ. ಆ ಗಿಡ್ಡ ಕುದುರೆಗಳು ದಾರಿಯ ಹುಲ್ಲನ್ನೇ ಮೇಯುತ್ತವೆ, ಧಾನ್ಯದ ಬಂಡಿ ಬೇಕಿಲ್ಲ. ರಿಕಾಪಿನಲ್ಲಿ ಕಾಲೂರಿ ಎದ್ದು, ಓಡುವ ಕುದುರೆಯ ಮೇಲೇ ಹಿಂದೆ ತಿರುಗಿ ಬಾಣ ಬಿಡುತ್ತಾನೆ. ಕೊಂಬು, ಮರ, ನರ ಸೇರಿಸಿ ಅಂಟಿಸಿದ ಬಿಲ್ಲು ಚಿಕ್ಕದು, ಕುದುರೆಯ ಕತ್ತಿಗೆ ತಗಲುವುದಿಲ್ಲ. ಅಟ್ಟುವವರ ಕಥೆ ಬೇರೆ. ಕುದುರೆಯವರು ಮುಂದೆ, ಕಾಲಾಳುಗಳು ಹಿಂದೆ, ಬಂಡಿಗಳು ಅದಕ್ಕೂ ಹಿಂದೆ. ದಿನ ಕಳೆದಂತೆ ಸೈನ್ಯ ಹಗ್ಗದಂತೆ ಉದ್ದವಾಯಿತು. ನಿಜವಾಗಿ ಸೋತವರು ಚೆಲ್ಲಾಪಿಲ್ಲಿಯಾಗುತ್ತಾರೆ. ಮಂಗೋಲರು ಗುಂಪು ಬಿಡದೆ ಓಡುತ್ತಿದ್ದಾರಲ್ಲ ಎಂಬ ಅನುಮಾನ ಬರಬೇಕಿತ್ತು. ಆದರೆ ಕಣ್ಣ ಮುಂದೆ ದನಗಳ ಹಿಂಡಿತ್ತು.

ಕಾಲ್ಕಾ ದಂಡೆಯಲ್ಲಿ ಗಾಲಿಚ್‌ನ ಮ್ಸ್ತಿಸ್ಲಾವ್ ಕೀವ್‌ನ ಅರಸನಿಗೆ ಹೇಳದೆಯೇ ನದಿ ದಾಟಿದ. ಮಂಗೋಲರು ಅಲ್ಲಿ ತಿರುಗಿ ನಿಂತರು. ಮುಂದಿದ್ದ ಕಿಪ್ಚಾಕರು ಬೆದರಿ, ಹಿಂದೆ ಇನ್ನೂ ಸಾಲುಗಟ್ಟುತ್ತಿದ್ದ ತಮ್ಮದೇ ಸೈನ್ಯದ ಮೇಲೆ ನುಗ್ಗಿ ಓಡಿದರು. ಅಲ್ಲಿಂದ ಮುಂದೆ ನಡೆದದ್ದು ಸುಮ್ನೆ ಕಗ್ಗೊಲೆ. ಕೀವ್‌ನ ಅರಸ ಕಲ್ಲುಗುಡ್ಡದ ಮೇಲೆ ಬೇಲಿ ಕಟ್ಟಿಕೊಂಡು ಮೂರು ದಿನ ತಡೆದ. ಬಿಟ್ಟುಬಿಡುತ್ತೇವೆ ಎಂಬ ಮಾತು ನಂಬಿ ಇಳಿದು ಬಂದ. ಅವನನ್ನು ಕಟ್ಟಿ ಹಲಗೆಗಳ ಕೆಳಗೆ ಮಲಗಿಸಿ, ಗೆದ್ದವರು ಮೇಲೆ ಕೂತು ಊಟ ಮಾಡಿದರು. ಅದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ತೊಳಸುತ್ತದೆ.

ಈ ಉಪಾಯಕ್ಕೆ ಬಯಲು ಬೇಕು, ಮೇವು ಬೇಕು, ಆತುರದ ಶತ್ರುವೂ ಬೇಕು. ಇದೇ ಮಂಗೋಲರು ಊರಿಗೆ ಮರಳುವಾಗ ವೋಲ್ಗಾ ಸೀಮೆಯ ಬುಲ್ಗಾರರ ಮೇಲೆ ಬಿದ್ದರು. ಬುಲ್ಗಾರರು ಹಲವು ಕಡೆ ಹೊಂಚು ಹಾಕಿ, ತಾವೇ ಹಿಂದೆ ಸರಿಯುತ್ತಾ ಅವರನ್ನು ಒಳಕ್ಕೆ ಎಳೆದರು. ಆಮೇಲೆ ಹಿಂದಿನಿಂದ ಮುಗಿಬಿದ್ದರು.

ನಮಸ್ಕಾರ.