ಹತ್ತು ವರ್ಷದ ಮಗುವಿಗೆ ಏನು ಕಲಿಸಬೇಕು, ಏನು ಬಿಡಬೇಕು

ಎಲ್ಲರಿಗೂ ನಮಸ್ಕಾರ. ಇಲ್ಲಿ ಅರ್ಧ ಜನ ಪಿ.ಟಿ. ಮೇಷ್ಟ್ರು, ಇನ್ನರ್ಧ ಅಪ್ಪ ಅಮ್ಮಂದಿರು ಅಂತ ಕೇಳಿದೆ. ಹಾಗಾಗಿ ಒಬ್ಬ ಹುಡುಗನ ಕಥೆಯಿಂದಲೇ ಶುರು ಮಾಡುತ್ತೇನೆ.

ಅವನಿಗೆ ಒಂಬತ್ತು ವರ್ಷ. ಅಪ್ಪ ಮೈದಾನಕ್ಕೆ ಕರೆದುಕೊಂಡು ಬಂದು, "ಸರ್, ಇವನನ್ನ ಫಾಸ್ಟ್ ಬೌಲರ್ ಮಾಡಬೇಕು" ಅಂದರು. ನಾನು ಒಂದು ಟೆನಿಸ್ ಬಾಲ್ ಕೊಟ್ಟು, "ಗೋಡೆಗೆ ಜೋರಾಗಿ ಎಸಿಯಪ್ಪ" ಅಂದೆ. ಹುಡುಗ ಗೋಡೆಗೆ ಎದುರಾಗಿ ನೆಟ್ಟಗೆ ನಿಂತ. ಬಲಗೈಯಲ್ಲಿ ಬಾಲ್. ಎಸೆಯುವಾಗ ಮುಂದೆ ಹೋದದ್ದು ಬಲಗಾಲೇ. ಸೊಂಟ ತಿರುಗಲೇ ಇಲ್ಲ. ಮೊಣಕೈಯಿಂದ ಕೆಳಗಿನ ಭಾಗ ಮಾತ್ರ ಆಡಿತು.

ಎಸೆತ ಕಲಿಯುವುದಕ್ಕೆ ಒಂದು ಕ್ರಮ ಇದೆ. ಪುಟ್ಟ ಮಗು ಕಾಲು ಕದಲಿಸದೆ ಎಸೆಯುತ್ತದೆ. ಆಮೇಲೆ ಎಸೆಯುವ ಕೈಯ ಕಡೆಯ ಕಾಲೇ ಮುಂದೆ ಬರುತ್ತದೆ. ಅದಾದ ಮೇಲೆ ಎದುರು ಕಾಲು, ಅಂದರೆ ಬಲಗೈಗೆ ಎಡಗಾಲು. ಕೊನೆಗೆ ಮೈ ಪಕ್ಕಕ್ಕೆ ತಿರುಗಿ, ಮೊದಲು ಸೊಂಟ, ಹಿಂದೆಯೇ ಭುಜ, ಆಮೇಲೆ ಕೈ, ಹೀಗೆ ಒಂದರ ಹಿಂದೆ ಒಂದು ಚಾಟಿಯ ಹಾಗೆ ಬರುತ್ತದೆ. ಈ ಹುಡುಗ ವಯಸ್ಸಿನಲ್ಲಿ ಒಂಬತ್ತು, ಎಸೆತದಲ್ಲಿ ಎರಡನೇ ಮೆಟ್ಟಿಲು. ಅವನಿಗೆ ಬೌಲಿಂಗ್ ಆಕ್ಷನ್ ಕಲಿಸಲು ಹೋದರೆ ಅಡಿಪಾಯ ಇಲ್ಲದ ಮನೆಗೆ ಮಹಡಿ ಕಟ್ಟಿದ ಹಾಗೆ.

ಅವರಪ್ಪನಿಗೆ, "ಎರಡು ತಿಂಗಳು ಬೌಲಿಂಗ್ ಬೇಡ" ಅಂದೆ. ಅವರಿಗೆ ಬೇಜಾರಾಯಿತು. ನಾನು ಯಾಕೆ ಹಾಗೆ ಹೇಳಿದೆ ಅನ್ನುವುದೇ ಇವತ್ತಿನ ಮಾತು.

ಕ್ರೀಡಾಪಟುವನ್ನು ಹತ್ತು ಹದಿನೈದು ವರ್ಷಗಳ ಲೆಕ್ಕದಲ್ಲಿ ಬೆಳೆಸುವ ಒಂದು ಚೌಕಟ್ಟಿದೆ. ಇಂಗ್ಲಿಷ್‌ನಲ್ಲಿ ಎಲ್.ಟಿ.ಎ.ಡಿ. ಅನ್ನುತ್ತಾರೆ. ಇದನ್ನು ಹರಡಿದವರು ಹಂಗೇರಿಯಿಂದ ಕೆನಡಾಕ್ಕೆ ಹೋದ ಇಸ್ತ್ವಾನ್ ಬಾಲಿ. ಕೆನಡಾ ಇದನ್ನು ಇಡೀ ದೇಶದ ಕ್ರೀಡೆಗೆ ಹೊಂದಿಸಿಕೊಂಡಿತು. ಅದರಲ್ಲಿ ಏಳು ಹಂತಗಳಿವೆ. ನಮಗೆ ಇವತ್ತು ಬೇಕಾದದ್ದು ಮೊದಲ ಮೂರು ಮಾತ್ರ.

ಆರು ವರ್ಷದವರೆಗೆ ಆಕ್ಟಿವ್ ಸ್ಟಾರ್ಟ್. ಮಗು ದಿನವೂ ಓಡಾಡಬೇಕು, ಹತ್ತಬೇಕು, ಉರುಳಬೇಕು, ಅಷ್ಟೇ. ಆಮೇಲೆ ಹುಡುಗಿಯರಿಗೆ ಎಂಟರವರೆಗೆ, ಹುಡುಗರಿಗೆ ಒಂಬತ್ತರವರೆಗೆ ಫಂಡಮೆಂಟಲ್ಸ್. ಓಟ, ಜಿಗಿತ, ಎಸೆತ, ಹಿಡಿತ, ಸಮತೋಲ, ಇವು ಆಟದ ಮೂಲಕವೇ ಬರಬೇಕಾದ ಕಾಲ. ಮೂರನೆಯದು ಲರ್ನ್ ಟು ಟ್ರೈನ್. ಹುಡುಗಿಯರಿಗೆ ಎಂಟರಿಂದ ಹನ್ನೊಂದು, ಹುಡುಗರಿಗೆ ಒಂಬತ್ತರಿಂದ ಹನ್ನೆರಡು. ಇಲ್ಲಿ ಮಗು ಎರಡು ಮೂರು ಆಟಗಳ ಕೌಶಲವನ್ನು ಸರಿಯಾಗಿ ಕಲಿಯುತ್ತದೆ. ಮೈ ಸರಸರ ಬೆಳೆಯಲು ಶುರುವಾದಾಗ ಈ ಹಂತ ಮುಗಿಯುತ್ತದೆ.

ನಮ್ಮ ಹುಡುಗ ವಯಸ್ಸಿನ ಪ್ರಕಾರ ಮೂರನೇ ಹಂತಕ್ಕೆ ಬಂದಿದ್ದ. ಆದರೆ ಎರಡನೇ ಹಂತದ ಕೆಲಸ ಬಾಕಿ ಇತ್ತು. ಇದು ಅವನೊಬ್ಬನ ಕಥೆ ಅಲ್ಲ. ಫ್ಲ್ಯಾಟಿನಲ್ಲಿ ಬೆಳೆದ ಮಕ್ಕಳಲ್ಲಿ ಜಾಸ್ತಿ ಕಾಣುತ್ತೇನೆ. ಅವರಿಗೆ ಕಲ್ಲೆಸೆದು ಮಾವಿನಕಾಯಿ ಉದುರಿಸುವ ಅವಕಾಶ ಸಿಕ್ಕಿರುವುದಿಲ್ಲ.

ಹಾಗಾದರೆ ಎರಡು ತಿಂಗಳು ಏನು ಮಾಡಿದೆವು? ಮೊದಲ ವಾರಗಳಲ್ಲಿ ಗುರಿ ಇಡಲೇ ಇಲ್ಲ. ಇದು ಮುಖ್ಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. "ಆ ಚುಕ್ಕೆಗೆ ಹೊಡಿ" ಅಂದ ತಕ್ಷಣ ಮಗು ಮೈ ಬಿಗಿ ಮಾಡಿಕೊಳ್ಳುತ್ತದೆ. ಹೆಜ್ಜೆ ಚಿಕ್ಕದಾಗುತ್ತದೆ, ಸೊಂಟ ತಿರುಗುವುದಿಲ್ಲ, ಬಾಲನ್ನು ತಳ್ಳುತ್ತದೆ. "ಎಷ್ಟು ಜೋರಾಗಿ ಆಗುತ್ತೋ ಅಷ್ಟು ಜೋರಾಗಿ ಎಸಿ" ಅಂದರೆ ಮೈ ತಾನಾಗಿ ಹಿಂದಕ್ಕೆ ಹೋಗುತ್ತದೆ, ಎದುರು ಕಾಲು ಮುಂದೆ ಬರುತ್ತದೆ. ದೊಡ್ಡ ಗೋಡೆ, ಏಳೆಂಟು ಹೆಜ್ಜೆ ದೂರ. ಪುಟಿದು ಬಂದ ಬಾಲು ಅವನ ಬೆನ್ನ ಹಿಂದಿನ ಗೆರೆ ದಾಟಬೇಕು. ಅದೇ ಆಟದ ನಿಯಮ. ನೆಲದ ಮೇಲೆ ಸುಣ್ಣದಲ್ಲಿ ಎಡಗಾಲಿನ ಒಂದು ಹೆಜ್ಜೆ ಗುರುತು ಬರೆದೆ. ಬಾಯಲ್ಲಿ ಬೇರೆ ಏನೂ ಹೇಳಲಿಲ್ಲ. "ಮೊಣಕೈ ಎತ್ತು, ಭುಜ ತಿರುಗಿಸು, ಕಾಲು ನೋಡು" ಅಂತ ಒಟ್ಟಿಗೆ ಮೂರು ಹೇಳಿದರೆ ಒಂಬತ್ತರ ಮಗುವಿಗೆ ಒಂದೂ ಉಳಿಯುವುದಿಲ್ಲ.

ಮೂರನೇ ವಾರ ಲಗೋರಿ ಶುರು ಮಾಡಿದೆವು. ಒಬ್ಬ ಹೊಡೆಯುತ್ತಾನೆ, ಉಳಿದವರು ಓಡುತ್ತಾರೆ, ತಪ್ಪಿಸಿಕೊಳ್ಳುತ್ತಾರೆ, ಹಿಡಿಯುತ್ತಾರೆ. ಒಂದು ಆಟದಲ್ಲಿ ನಾಲ್ಕು ಮೂಲ ಚಲನೆ. ಸಮತೋಲಕ್ಕೆ ಕುಂಟೆಬಿಲ್ಲೆ. ಆರನೇ ವಾರದ ಹೊತ್ತಿಗೆ ಸುಣ್ಣದ ಗುರುತು ಇಲ್ಲದೆಯೇ ಅವನ ಎಡಗಾಲು ಮುಂದೆ ಬರುತ್ತಿತ್ತು. ಆದರೆ ಒಂದು ದಿನ ಲಗೋರಿಯ ಕಲ್ಲುಗಳನ್ನು ತುಂಬ ಹತ್ತಿರ ಇಟ್ಟುಬಿಟ್ಟಿದ್ದೆ. ಹಳೇ ಅಭ್ಯಾಸ ಥಟ್ಟನೆ ವಾಪಸ್ ಬಂತು, ಮತ್ತೆ ಬಲಗಾಲು. ನಾನು ಬೈಯಲಿಲ್ಲ, ಕಲ್ಲುಗಳನ್ನು ನಾಲ್ಕು ಹೆಜ್ಜೆ ದೂರ ಸರಿಸಿದೆ. ಎಡಗಾಲು ಮತ್ತೆ ಬಂತು. ಎಸೆತ ಪಕ್ಕಾ ಆಗಿದೆಯಾ ಅಂತ ತಿಳಿಯಬೇಕಾದರೆ ಮಗುವಿನ ಗಮನ ಬೇರೆ ಕಡೆ ಇದ್ದಾಗ ನೋಡಬೇಕು. ಆಟದ ಜೋಶಿನಲ್ಲೂ ಎದುರು ಕಾಲು ಬಂದರೆ ಅದು ಮೈಗೆ ಹತ್ತಿದೆ. ಬೌಲಿಂಗ್‌ಗೆ ಆಮೇಲೆ ಬರೋಣ ಅಂತ ಅವರಪ್ಪನಿಗೂ ಅನ್ನಿಸಿತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಈ ಚೌಕಟ್ಟಿನ ಜೊತೆ "ಕಿಟಕಿ"ಗಳ ಮಾತು ಬರುತ್ತದೆ, ಅಂದರೆ ಒಂದೊಂದು ಗುಣವನ್ನು ಬೆಳೆಸಲು ಇಂಥದ್ದೇ ವಯಸ್ಸು ಅನ್ನುವುದು. ವೇಗಕ್ಕೆ ಹುಡುಗಿಯರಲ್ಲಿ ಆರರಿಂದ ಎಂಟು, ಹುಡುಗರಲ್ಲಿ ಏಳರಿಂದ ಒಂಬತ್ತು, ಆಮೇಲೆ ಆ ಕಿಟಕಿ ಮುಚ್ಚಿತು ಅನ್ನುವ ಹಾಗೆ ಕೆಲವರು ಹೇಳುತ್ತಾರೆ. ಕ್ರೀಡಾ ವಿಜ್ಞಾನಿಗಳು ಇದನ್ನು ಪ್ರಶ್ನಿಸಿದ್ದಾರೆ, ಇದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂದಿದ್ದಾರೆ. ನನ್ನ ಅನುಭವವೂ ಅದೇ. ಹನ್ನೊಂದಕ್ಕೆ ಬಂದ ಮಗುವೂ ವೇಗ ಕಲಿಯುತ್ತದೆ. ಹಂತಗಳ ಕ್ರಮವನ್ನು ಇಟ್ಟುಕೊಳ್ಳಿ, ಕಿಟಕಿಯ ಭಯ ಬಿಡಿ. ಆ ಭಯದಿಂದಲೇ ಆರು ವರ್ಷದ ಮಗುವನ್ನು ದಿನಕ್ಕೆ ಎರಡು ಸಲ ಒಂದೇ ಆಟದ ತರಬೇತಿಗೆ ಹಾಕುತ್ತಾರೆ.

ಎಷ್ಟು ಹೊತ್ತು ಅನ್ನುವುದಕ್ಕೆ ಒಂದು ಸರಳ ಲೆಕ್ಕ ಇದೆ. ಮಗುವಿಗೆ ಎಷ್ಟು ವರ್ಷವೋ ವಾರಕ್ಕೆ ಅಷ್ಟು ಗಂಟೆಗಿಂತ ಜಾಸ್ತಿ ಕೋಚಿಂಗ್ ಬೇಡ. ಹತ್ತು ವರ್ಷದವಳಿಗೆ ವಾರಕ್ಕೆ ಹತ್ತು ಗಂಟೆ ಮೇಲ್ಮಿತಿ, ಅದೇ ಗುರಿ ಅಲ್ಲ. ಕೋಚಿಂಗ್ ಎರಡು ಗಂಟೆ ಆದರೆ ಸುಮ್ನೆ ಆಡುವುದು ಕನಿಷ್ಠ ಒಂದು ಗಂಟೆಯಾದರೂ ಇರಬೇಕು.

ಸ್ಪರ್ಧೆಯ ವಿಷಯದಲ್ಲಿ ಲರ್ನ್ ಟು ಟ್ರೈನ್ ಹಂತಕ್ಕೆ ಬಾಲಿ ಹೇಳುವ ಅಂದಾಜು, ನೂರರಲ್ಲಿ ಎಪ್ಪತ್ತು ಪಾಲು ಅಭ್ಯಾಸ, ಮೂವತ್ತು ಪಾಲು ಸ್ಪರ್ಧೆ. ಆ ಮೂವತ್ತರಲ್ಲಿ ಸ್ಪರ್ಧೆಗಾಗಿ ಮಾಡುವ ತಯಾರಿಯೂ ಸೇರಿದೆ. ನಮ್ಮಲ್ಲಿ ಟೂರ್ನಮೆಂಟ್ ಸೀಸನ್ನಿನಲ್ಲಿ ಇದು ತಲೆಕೆಳಗಾಗುತ್ತದೆ. ವಾರ ವಾರ ಮ್ಯಾಚ್ ಇದ್ದರೆ ಕೋಚ್ ಏನು ಮಾಡುತ್ತಾನೆ? ಗೆಲ್ಲುವ ಮಗುವನ್ನು ಅದೇ ಜಾಗದಲ್ಲಿ ಆಡಿಸುತ್ತಾನೆ. ಎತ್ತರದ ಹುಡುಗಿ ನೆಟ್ ಹತ್ತಿರವೇ, ಓಡುವ ಹುಡುಗ ಮುಂದೆಯೇ. ಅವರಿಗೆ ಬರದ ಕೆಲಸ ಬರದೇ ಉಳಿಯುತ್ತದೆ.

ನಾರ್ವೆ ದೇಶ ಇದಕ್ಕೆ ನಿಯಮವನ್ನೇ ಮಾಡಿದೆ. ಅಲ್ಲಿನ ಮಕ್ಕಳ ಕ್ರೀಡೆಯ ನಿಯಮಗಳು 1987ರಲ್ಲಿ ಬಂದವು. ಅವುಗಳ ಪ್ರಕಾರ ಮಗುವಿಗೆ ಹನ್ನೊಂದು ತುಂಬುವ ವರ್ಷದವರೆಗೆ ಫಲಿತಾಂಶದ ಪಟ್ಟಿ, ರ‍್ಯಾಂಕ್ ಇಲ್ಲ. ಹದಿಮೂರು ತುಂಬುವ ವರ್ಷದವರೆಗೆ ರಾಷ್ಟ್ರೀಯ ಚಾಂಪಿಯನ್‌ಶಿಪ್ ಇಲ್ಲ. ಮಕ್ಕಳು ಸ್ಪರ್ಧಿಸುತ್ತಾರೆ, ತಮ್ಮ ಊರಿನ ಸುತ್ತಮುತ್ತ ಪಂದ್ಯಗಳಿಗೆ ಹೋಗುತ್ತಾರೆ, ಆದರೆ ಅಂಕಪಟ್ಟಿ ಗೋಡೆಗೆ ಅಂಟುವುದಿಲ್ಲ. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಅತಿ ಹೆಚ್ಚು ಪದಕ ಗೆದ್ದ ದೇಶ ಅದೇ. ನಿಯಮದಿಂದಲೇ ಪದಕ ಬಂತು ಅಂತ ನಾನು ಹೇಳುವುದಿಲ್ಲ. ಆ ನಿಯಮ ಪದಕಕ್ಕೆ ಅಡ್ಡ ಬರಲಿಲ್ಲ ಅನ್ನುವುದಂತೂ ನಿಜ, ಅಲ್ವಾ?

ಕೊನೆಯದಾಗಿ, ಲರ್ನ್ ಟು ಟ್ರೈನ್ ಹಂತ ಮುಗಿಯಿತು, ಮೈ ಸರಸರ ಬೆಳೆಯಲು ಶುರುವಾಯಿತು ಅಂತ ತಿಳಿಯುವುದು ಹೇಗೆ? ಇದಕ್ಕೆ ಗೋಡೆ, ಪೆನ್ಸಿಲ್, ಟೇಪ್ ಸಾಕು. ಮೂರು ತಿಂಗಳಿಗೊಮ್ಮೆ ಬೆಳಿಗ್ಗೆ, ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ ಎತ್ತರ ಅಳೆಯಿರಿ. ಬೆಳಿಗ್ಗೆಯೇ ಯಾಕೆ ಅಂದರೆ ಸಂಜೆಗೆ ಎತ್ತರ ಸ್ವಲ್ಪ ಕಡಿಮೆ ಆಗಿರುತ್ತದೆ. ಚಿಕ್ಕ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆಯುತ್ತಾರೆ, ಅಂದರೆ ಮೂರು ತಿಂಗಳಿಗೆ ಒಂದೂವರೆ ಒಳಗೆ. ಅದು ಎರಡು ದಾಟಿದರೆ ಗಮನ ಕೊಡಿ. ಅಳತೆಯಲ್ಲಿ ಅರ್ಧ ಸೆಂ.ಮೀ. ತಪ್ಪುವುದು ಸಹಜ. ಅದಕ್ಕೆ ಒಂದೇ ಅಳತೆ ನಂಬಬೇಡಿ, ಎರಡು ಸಲ ಹಾಗೇ ಬಂದರೆ ನಂಬಿ.

ನನ್ನ ಬ್ಯಾಚಿನಲ್ಲಿ ಹತ್ತೂವರೆ ವರ್ಷದ ಹುಡುಗಿ ಇದ್ದಳು. ಒಳ್ಳೆ ಓಟಗಾರ್ತಿ. ಇದ್ದಕ್ಕಿದ್ದ ಹಾಗೆ ಟೈಮಿಂಗ್ ಕೆಟ್ಟಿತು, ಹರ್ಡಲ್ಸ್‌ಗೆ ಕಾಲು ತಾಗತೊಡಗಿತು. ಮನೆಯಲ್ಲಿ "ಸೋಮಾರಿ ಆಗಿದ್ದಾಳೆ" ಅಂದರು. ಗೋಡೆಯ ಗುರುತು ನೋಡಿದರೆ ಮೂರು ತಿಂಗಳಲ್ಲಿ 2.2 ಸೆಂ.ಮೀ., ಅಂದರೆ ವರ್ಷಕ್ಕೆ ಹತ್ತಿರ ಹತ್ತಿರ ಒಂಬತ್ತರ ವೇಗ. ಹುಡುಗಿಯರಲ್ಲಿ ಈ ಬೆಳವಣಿಗೆ ಸಾಮಾನ್ಯವಾಗಿ ಹತ್ತರ ಆಸುಪಾಸಿಗೆ ಶುರುವಾಗಿ ಹನ್ನೆರಡಕ್ಕೆ ತುತ್ತತುದಿಗೆ ಹೋಗುತ್ತದೆ. ಹುಡುಗರಲ್ಲಿ ಸುಮಾರು ಎರಡು ವರ್ಷ ತಡ. ಅವಳು ಸೋಮಾರಿ ಆಗಿರಲಿಲ್ಲ, ಕಾಲು ಉದ್ದ ಆಗಿತ್ತು, ಮೆದುಳು ಇನ್ನೂ ಹಳೇ ಕಾಲಿನ ಲೆಕ್ಕದಲ್ಲಿತ್ತು.

ಇಂಥ ಸಮಯದಲ್ಲಿ ನಾನು ಹಿಮ್ಮಡಿ ನೋಡುತ್ತೇನೆ. ಎರಡೂ ಪಕ್ಕದಿಂದ ಹಿಮ್ಮಡಿಯನ್ನು ಒತ್ತಿದಾಗ ಮಗು ಮುಖ ಹಿಂಡಿದರೆ, ಆಟ ಆದ ಮೇಲೆ ತುದಿಗಾಲಲ್ಲಿ ನಡೆದರೆ, ಅಲ್ಲಿನ ಬೆಳೆಯುವ ಮೂಳೆಗೆ ಎಳೆತ ಬಿದ್ದಿದೆ ಅಂತ ಅನುಮಾನ. ಅವಳಿಗೂ ನೋವಿತ್ತು, ಡಾಕ್ಟರ ಹತ್ತಿರ ಕಳಿಸಿದೆ. ಜಿಗಿಯುವ ಅಭ್ಯಾಸ ನಿಲ್ಲಿಸಿ ಈಜು ಸೇರಿಸಿದೆವು. ಸ್ಟಾಪ್‌ವಾಚ್ ಎತ್ತಿಟ್ಟೆ, ಹರ್ಡಲ್ಸ್ ಎತ್ತರ ಇಳಿಸಿದೆ. ಗೆಳತಿಯರು ಅಲ್ಲೇ ಇದ್ದರು ಅಂತ ಅವಳನ್ನು ಅದೇ ಬ್ಯಾಚಿನಲ್ಲಿ ಉಳಿಸಿಕೊಂಡೆ, ಅವರು ಸ್ಕಿಪ್ಪಿಂಗ್ ಮಾಡುವಾಗ ಅವಳಿಗೆ ಬಾಲು ಕೊಡುತ್ತಿದ್ದೆ. ಮುಂದಿನ ಅಳತೆಯಲ್ಲೂ ಎರಡರ ಹತ್ತಿರವೇ ಬಂತು. ಅವಳ ಅಮ್ಮ ಮನೆಯ ಬಾಗಿಲ ಹಿಂದೆ ತಾವೇ ಪೆನ್ಸಿಲ್ ಗೆರೆ ಹಾಕಲು ಶುರು ಮಾಡಿದರು. ಮಗಳ ಗೆರೆ ಮೇಲೇರಿದಾಗಲೆಲ್ಲ ನನಗೆ ಫೋನ್ ಮಾಡಿ ಹೇಳುತ್ತಿದ್ದರು.