ಎರಡನೇ ದಿನ ಗೆದ್ದ ಜಾಹೀರಾತು

ಬೆಳಗ್ಗೆ ಎದ್ದು ಇನ್ನೂ ಮುಖ ತೊಳೆದಿಲ್ಲ, ಆಗಲೇ ಫೋನ್ ಕೈಯಲ್ಲಿದೆ. ಪರದೆ ಮೇಲೆ ಕಾಣ್ತಿದೆಯಲ್ಲ, ಇದು ನನ್ನ ಆನ್‌ಲೈನ್ ಚಿತ್ರಕಲೆ ತರಗತಿಯ ಜಾಹೀರಾತು. ಎರಡು ಬಗೆ ಮಾಡಿದ್ದೀನಿ. ಚಿತ್ರ ಒಂದೇ, ಬಟನ್ ಒಂದೇ, ಮೊದಲ ಸಾಲು ಮಾತ್ರ ಬೇರೆ. ‘ಎ’ಯಲ್ಲಿ "ಚಿತ್ರ ಬಿಡಿಸಲು ಕಲಿಯಿರಿ" ಅಂತಿದೆ. ‘ಬಿ’ಯಲ್ಲಿ "ಚಿತ್ರ ಬಿಡಿಸೋಕೆ ಬರಲ್ವಾ?" ಅಂತಿದೆ. ಶುರುವಾಗಿ ಎರಡು ದಿನ ಆಯ್ತು. ಎರಡನ್ನೂ ತಲಾ 400 ಜನ ನೋಡಿದ್ದಾರೆ. ‘ಎ’ ಒತ್ತಿದವರು 5 ಜನ, ‘ಬಿ’ ಒತ್ತಿದವರು 15 ಜನ.

ಐದಕ್ಕೆ ಹದಿನೈದು. ಮೂರು ಪಟ್ಟು! ‘ಎ’ಯನ್ನ ಈಗಲೇ ನಿಲ್ಲಿಸಿ, ಇರೋ ದುಡ್ಡನ್ನೆಲ್ಲಾ ‘ಬಿ’ಗೆ ಹಾಕಿಬಿಡೋಣ ಅನ್ಸುತ್ತೆ. ಹಿಂದಿನ ಸಲ ನಾನು ಮಾಡಿದ್ದೂ ಅದನ್ನೇ. ಎರಡನೇ ದಿನ ಗೆದ್ದಿದ್ದನ್ನ ಇಟ್ಕೊಂಡೆ, ಇನ್ನೊಂದನ್ನ ತೆಗೆದುಹಾಕಿದೆ. ಒಂದು ತಿಂಗಳು ಓಡಿಸಿದ ಮೇಲೆ ನೋಡಿದರೆ, ಗೆದ್ದ ಜಾಹೀರಾತು ಒತ್ತೋರ ಪ್ರಮಾಣ ನನ್ನ ಹಳೇ ಜಾಹೀರಾತಿನಷ್ಟೇ ಇತ್ತು. ಆ ಗೆಲುವು ಎಲ್ಲಿ ಹೋಯ್ತು ಅನ್ನೋದು ತುಂಬಾ ದಿನ ಕಾಡಿತು. ಈ ವೀಡಿಯೋ ಮಾಡೋಕೆ ಕಾರಣಾನೂ ಅದೇ.

ಮೊದಲು ಒಂದು ಸುಲಭದ ಲೆಕ್ಕ ತೋರಿಸ್ತೀನಿ. ಎರಡೂ ಕಡೆ ನೋಡಿದವರ ಸಂಖ್ಯೆ ಹೆಚ್ಚುಕಮ್ಮಿ ಒಂದೇ ಇದ್ದು, ಒತ್ತೋರು ನೂರಕ್ಕೆ ಕೆಲವರು ಮಾತ್ರ ಅಂತಾದರೆ ಕಾಗದದ ಮೇಲೇ ಮಾಡಬಹುದು. ಎರಡೂ ಕಡೆಯ ಕ್ಲಿಕ್ ಕೂಡಿಸಿ, ಅದರ ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ. ಎರಡರ ನಡುವಿನ ವ್ಯತ್ಯಾಸ ಅದಕ್ಕಿಂತ ಜಾಸ್ತಿ ಇದ್ದರೆ, ಬರೀ ಅದೃಷ್ಟದಿಂದ ಹಾಗಾಗೋ ಸಾಧ್ಯತೆ ನೂರಕ್ಕೆ ಸುಮಾರು 5 ಅಷ್ಟೇ. ಇಲ್ಲಿ 5 ಮತ್ತು 15 ಸೇರಿ 20. ವರ್ಗಮೂಲ ಸುಮಾರು ನಾಲ್ಕೂವರೆ, ಅದರ ಎರಡರಷ್ಟು 9. ವ್ಯತ್ಯಾಸ 10.

ಅಂದರೆ ಪರೀಕ್ಷೆಯಲ್ಲಿ ‘ಬಿ’ ಪಾಸಾಯ್ತು. ಆದರೂ ಇದನ್ನ ನಂಬಬಾರದು. ನನಗೆ ಅರ್ಥ ಆಗೋಕೆ ತುಂಬಾ ಸಮಯ ಹಿಡಿದಿದ್ದು ಈ ಜಾಗದಲ್ಲೇ.

ಆ ‘ನೂರಕ್ಕೆ 5’ ಅನ್ನೋ ಮಾತು ನಿಲ್ಲೋದು, ಯಾವಾಗ ನೋಡಬೇಕು ಅಂತ ಮೊದಲೇ ಗೊತ್ತುಮಾಡಿ, ಒಂದೇ ಒಂದು ಸಲ ನೋಡಿದಾಗ. ಒಂದೇ ಜಾಹೀರಾತನ್ನ ಎರಡೂ ಕಡೆ ಓಡಿಸಿದೀರಿ ಅಂದ್ಕೊಳ್ಳಿ, ಅಕ್ಷರನೂ ಬದಲಾಯಿಸದೆ. ಆಗಲೂ ಕ್ಲಿಕ್‌ಗಳು ಸಮಸಮ ಬರಲ್ಲ. ಒಂದು ದಿನ ಈ ಕಡೆ ಮುಂದೆ, ಮತ್ತೊಂದು ದಿನ ಆ ಕಡೆ ಮುಂದೆ, ಹೀಗೆ ತೂಗಾಡ್ತಾನೇ ಇರುತ್ತೆ. ನೀವು ದಿನಾ ಬಂದು ನೋಡಿ, ವ್ಯತ್ಯಾಸ ಆ ವರ್ಗಮೂಲದ ಎರಡರಷ್ಟರ ಗೆರೆ ದಾಟಿದ ಕ್ಷಣವೇ ನಿಲ್ಲಿಸಿದರೆ, ತೂಗಾಟದ ತುತ್ತತುದಿಯನ್ನ ಆರಿಸಿಕೊಂಡ ಹಾಗಾಯ್ತು. ಲೆಕ್ಕದಲ್ಲಿ ಹೇಳೋದಾದರೆ, ನಡುನಡುವೆ ಸಮ ಅಂತರದಲ್ಲಿ 5 ಸಲ ನೋಡಿ, ಗೆರೆ ದಾಟಿದಾಗ ನಿಲ್ಲಿಸ್ತೀನಿ ಅಂದರೆ ಸುಳ್ಳು ಗೆಲುವಿನ ಸಾಧ್ಯತೆ ನೂರಕ್ಕೆ 5ರಿಂದ 14ಕ್ಕೆ ಏರುತ್ತೆ. 10 ಸಲ ನೋಡಿದರೆ 19. 20 ಸಲ ನೋಡಿದರೆ ಹತ್ತಿರ ಹತ್ತಿರ 25. ಮೂರು ವಾರ ದಿನಾ ಬೆಳಗ್ಗೆ ನೋಡೋ ನನ್ನಂಥವಳಿಗೆ, ಏನೂ ವ್ಯತ್ಯಾಸವೇ ಇಲ್ಲದ ಎರಡು ಜಾಹೀರಾತುಗಳಲ್ಲೂ ನಾಲ್ಕು ಸಲಕ್ಕೆ ಒಂದು ಸಲ ಯಾರೋ ಒಬ್ಬರು ಗೆದ್ದ ಹಾಗೆ ಕಾಣುತ್ತೆ.

ಅದಕ್ಕೇ ಈ ಸಲ ಜಾಹೀರಾತು ಬಿಡೋಕೆ ಮೊದಲೇ ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಹತ್ತಿರ ತೋರಿಸ್ತೀನಿ, ನೋಡಿ. ಮೇಲಿನ ಸಾಲು: ಈಗ ನೂರಕ್ಕೆ 2 ಜನ ಒತ್ತುತ್ತಾರೆ, ಅದು 3 ಆದರೆ ನನಗೆ ಲಾಭ. ಅದಕ್ಕಿಂತ ಸಣ್ಣ ಏರಿಕೆಗೆ ನಾನು ಜಾಹೀರಾತು ಬದಲಾಯಿಸಲ್ಲ. ಕೆಳಗಿರೋದು ಸೂತ್ರ:

```
n = 16 × p × (1 − p) ÷ d²
n = 16 × 0.025 × 0.975 ÷ 0.0001 = 3900
```

ಇಲ್ಲಿ `p` ಅಂದರೆ 2 ಮತ್ತು 3ರ ಸರಾಸರಿ, ಅಂದರೆ ನೂರಕ್ಕೆ ಎರಡೂವರೆ. `d` ಅಂದರೆ ನಾನು ಹಿಡಿಯಬೇಕು ಅಂತಿರೋ ವ್ಯತ್ಯಾಸ, ನೂರಕ್ಕೆ 1. `n` ಅನ್ನೋದು ಒಂದೊಂದು ಕಡೆ ಬೇಕಾದ ಜನ. ಇಷ್ಟು ಜನ ನೋಡಿದರೆ, ಅಷ್ಟು ದೊಡ್ಡ ವ್ಯತ್ಯಾಸ ನಿಜವಾಗ್ಲೂ ಇದ್ದಲ್ಲಿ ನೂರಕ್ಕೆ 80 ಸಲ ಸಿಕ್ಕಿಬೀಳುತ್ತೆ. ಹಿಡಿಯಬೇಕಾದ ವ್ಯತ್ಯಾಸವನ್ನ ಅರ್ಧ ಮಾಡಿದರೆ, ನೂರಕ್ಕೆ 2ರಿಂದ ಎರಡೂವರೆಗೆ ಏರೋದನ್ನ ಹಿಡೀತೀನಿ ಅಂದರೆ, ಜನ 14,000ಕ್ಕೆ ಹೋಗುತ್ತೆ. ಸಣ್ಣ ಖಾತೆ ಇರೋರಿಗೆ ಆಗದ ಮಾತು.

ನನಗೆ ದಿನಕ್ಕೆ ಒಂದೊಂದು ಕಡೆ 200 ಜನ ಸಿಗ್ತಾರೆ. 3,900ಕ್ಕೆ 20 ದಿನ ಬೇಕು. ನಾನು 21 ದಿನ ಅಂತ ಬರೆದೆ, ಪೂರ್ತಿ ಮೂರು ವಾರ. ವಾರದ ಮಧ್ಯೆ ಫೋನ್ ನೋಡೋ ಜನ ಬೇರೆ, ರಜಾ ದಿನ ನೋಡೋರು ಬೇರೆ. ಅರ್ಧ ವಾರಕ್ಕೆ ನಿಲ್ಲಿಸಿದರೆ ಒಂದು ಬಗೆಯವರ ಅಭಿಪ್ರಾಯ ಮಾತ್ರ ಜಾಸ್ತಿ ಸೇರಿಕೊಳ್ಳುತ್ತೆ.

ಒಂಬತ್ತನೇ ದಿನ. ಇದನ್ನ ಎಡಿಟ್ ಮಾಡುವಾಗ ಮತ್ತೆ ಮತ್ತೆ ನೋಡಿದೆ. ‘ಎ’ 41, ‘ಬಿ’ 38. ಎರಡನೇ ದಿನ ಮೂರು ಪಟ್ಟು ಮುಂದಿದ್ದ ‘ಬಿ’ ಈಗ ಹಿಂದಿದೆ! ಜಾಹೀರಾತು ಓಡ್ತಿದೆಯಾ, ಲಿಂಕ್ ಸರಿಯಿದೆಯಾ ಅಂತ ನೋಡೋದರಲ್ಲಿ ತಪ್ಪಿಲ್ಲ. ಆ ಅಂಕಿ ಹಿಡ್ಕೊಂಡು ತೀರ್ಮಾನ ಮಾಡಿದರೆ ಕೆಡೋದು.

ಇಪ್ಪತ್ತೊಂದನೇ ದಿನ ಬಂತು. ಕ್ಲಿಕ್ ನೋಡೋಕೆ ಮೊದಲು ನೋಡಿದವರ ಸಂಖ್ಯೆ ನೋಡಿದೆ: ‘ಎ’ 4,031, ‘ಬಿ’ 3,989. ಎಷ್ಟು ಸಲ ಕಾಣಿಸಿತು ಅನ್ನೋದಲ್ಲ, ಎಷ್ಟು ಜನ ನೋಡಿದರು ಅನ್ನೋದು. ಒಬ್ಬರೇ ಹತ್ತು ಸಲ ನೋಡಿದರೆ ಹತ್ತು ಜನ ಆಗಲ್ಲವಲ್ಲ. ಜನರನ್ನ ಎರಡಕ್ಕೂ ಸಮವಾಗಿ ಹಂಚು ಅಂತ ಜಾಹೀರಾತು ತೋರಿಸೋ ವ್ಯವಸ್ಥೆಗೆ ಹೇಳಿದ್ದರಿಂದ ಈ ಎರಡು ಸಂಖ್ಯೆ ಹತ್ತಿರ ಇರಲೇಬೇಕು. ಇಲ್ಲೂ ಅದೇ ಲೆಕ್ಕ: 8,020ರ ವರ್ಗಮೂಲದ ಎರಡರಷ್ಟು ಸುಮಾರು 179. ನನ್ನ ವ್ಯತ್ಯಾಸ 42, ಸರಿಯಿದೆ. ಅದೇನಾದರೂ 300–400 ಇದ್ದಿದ್ದರೆ, ಹಂಚಿಕೆಯಲ್ಲೇ ಏನೋ ಎಡವಟ್ಟಾಗಿದೆ ಅಂತ ಇಡೀ ಫಲಿತಾಂಶವನ್ನ ಬದಿಗಿಡ್ತಿದ್ದೆ. ಎರಡು ಜಾಹೀರಾತನ್ನ ಪರೀಕ್ಷೆ ಅಂತ ಹೇಳದೆ ಸುಮ್ಮನೆ ಒಟ್ಟಿಗೆ ಹಾಕಿದರೆ ಹೀಗಾಗುತ್ತೆ. ಮೊದಲು ಸ್ವಲ್ಪ ಮುಂದೆ ಹೋದದ್ದನ್ನೇ ವ್ಯವಸ್ಥೆ ಜಾಸ್ತಿ ಜನರಿಗೆ ತೋರಿಸೋಕೆ ಶುರು ಮಾಡುತ್ತೆ, ಇನ್ನೊಂದಕ್ಕೆ ಅವಕಾಶವೇ ಸಿಗಲ್ಲ. ಒಂದು ಪೋಸ್ಟ್ ಸೋಮವಾರ, ಇನ್ನೊಂದು ಗುರುವಾರ ಹಾಕಿ ಹೋಲಿಸೋದೂ ಅಷ್ಟೇ, ಅಲ್ಲಿ ದಿನವೇ ಬೇರೆ, ನೋಡೋರೇ ಬೇರೆ.

ಈಗ ಕ್ಲಿಕ್. ‘ಎ’ 88, ‘ಬಿ’ 97. ಒಟ್ಟು 185, ವರ್ಗಮೂಲದ ಎರಡರಷ್ಟು 27. ವ್ಯತ್ಯಾಸ ಬರೀ 9.

ಹಾಗಂತ ಎರಡೂ ಒಂದೇ ಅಂತ ಸಾಬೀತಾಗಿಲ್ಲ. ‘ಬಿ’ ಕೊಂಚ ಚೆನ್ನಾಗಿರಬಹುದು, ಕೊಂಚ ಕೆಟ್ಟದಾಗಿಯೂ ಇರಬಹುದು. ಆದರೆ ನನಗೆ ಬೇಕಿದ್ದ ನೂರಕ್ಕೆ 1ರಷ್ಟು ದೊಡ್ಡ ಏರಿಕೆ ಇಲ್ಲಿ ಇರೋದು ಕಷ್ಟ ಅಂತ ಮಾತ್ರ ಈ ಅಂಕಿಗಳಿಂದ ಹೇಳಬಹುದು. ಇನ್ನೊಂದು ವಾರ ಓಡಿಸೋಣ, ಗೆರೆ ದಾಟಬಹುದು ಅನ್ನೋ ಆಸೆ ಬರುತ್ತೆ. ಅದೂ ಇಣುಕಿ ನೋಡಿ ನಿಲ್ಲಿಸಿದ ಹಾಗೇ ಆಗುತ್ತೆ, ಹಾಗಾಗಿ ಓಡಿಸಲಿಲ್ಲ.

‘ಎ’ಯನ್ನೇ ಉಳಿಸಿಕೊಂಡೆ. ಒಂದು ಸಾಲು ತಿದ್ದಿದರೆ ನೂರಕ್ಕೆ 1 ಏರೋದು ಕಷ್ಟ ಅಂತ ನನಗೀಗ ಅನ್ಸ್ತಿದೆ. ಮುಂದಿನ ಸಲ ದೊಡ್ಡದನ್ನೇ ಬದಲಾಯಿಸ್ತೀನಿ. ಮುಗಿದ ಚಿತ್ರದ ಬದಲು ಕೈ ಚಿತ್ರ ಬಿಡಿಸ್ತಿರೋ ವೀಡಿಯೋ ಹಾಕ್ತೀನಿ. ನೋಟ್‌ಬುಕ್‌ನ ಹೊಸ ಪುಟದಲ್ಲಿ ಈಗಾಗಲೇ ಬರೆದಿದ್ದೀನಿ, ನೋಡಿ: ತಲಾ 3,900 ಜನ, 21 ದಿನ.